ಎಸ್‌ಎಲ್‌ಎಂ ಹಾಕಿದರೆ ತೆರಿಗೆ ಜಾಸ್ತಿ ಬರುತ್ತಾ? ಒಂದು ಮೆಷಿನ್ ಹಿಡಿದು ಲೆಕ್ಕ ನೋಡೋಣ

ತುಮಕೂರು, ತಿಪಟೂರು, ಗುಬ್ಬಿ ಕಡೆಯ ಸಣ್ಣ ಕಂಪನಿಗಳವರು ಮಾರ್ಚ್ ಬಂದ ಕೂಡಲೇ ಕೇಳುವ ಪ್ರಶ್ನೆ ಇದು: "ಬ್ಯಾಂಕಿನವರು ಲಾಭ ಕಡಿಮೆ ಇದೆ ಅಂತಾರೆ. ಡಿಪ್ರಿಸಿಯೇಷನ್ ಅನ್ನು ಸ್ಟ್ರೈಟ್ ಲೈನ್‌ಗೆ ಬದಲಾಯಿಸಿದರೆ ಲಾಭ ಏರುತ್ತಂತೆ. ಆದರೆ ತೆರಿಗೆ ಜಾಸ್ತಿ ಕಟ್ಟಬೇಕಾಗುತ್ತಾ?" ಕೆಲವರು ಇದನ್ನೇ ತಿರುಗಿಸಿ, "ಡಬ್ಲ್ಯೂಡಿವಿ ಹಾಕಿದರೆ ತೆರಿಗೆ ಉಳಿಯುತ್ತಾ?" ಅಂತ ಕೇಳುತ್ತಾರೆ.

ಉತ್ತರ ಒಂದೇ. ಪುಸ್ತಕದಲ್ಲಿ ಯಾವ ವಿಧಾನ ಹಾಕಿದರೂ ಆದಾಯ ತೆರಿಗೆ ಬದಲಾಗುವುದಿಲ್ಲ. ಇದಕ್ಕೆ ಒಂದು ಅಪವಾದ ಇದೆ, ಅದನ್ನು ಐದನೇ ಹಂತದಲ್ಲಿ ನೋಡೋಣ.

ಮೊದಲು ಪದಗಳು. ಮೆಷಿನ್ ಸವೆಯುವುದಕ್ಕೆ ತಕ್ಕಂತೆ ಅದರ ಬೆಲೆಯನ್ನು ವರ್ಷ ವರ್ಷ ಖರ್ಚಿಗೆ ಹಾಕುವುದೇ ಸವಕಳಿ, ಅಂದರೆ ಡಿಪ್ರಿಸಿಯೇಷನ್. ಪ್ರತಿ ವರ್ಷ ಒಂದೇ ಮೊತ್ತ ಹಾಕಿದರೆ ಅದು ಸ್ಟ್ರೈಟ್ ಲೈನ್, ಚಿಕ್ಕದಾಗಿ ಎಸ್‌ಎಲ್‌ಎಂ. ಉಳಿದ ಬೆಲೆಯ ಮೇಲೆ ಪ್ರತಿ ವರ್ಷ ಒಂದೇ ಶೇಕಡಾ ಹಾಕಿದರೆ ಅದು ರಿಟನ್ ಡೌನ್ ವ್ಯಾಲ್ಯೂ, ಅಂದರೆ ಡಬ್ಲ್ಯೂಡಿವಿ. ಇದರಲ್ಲಿ ಮೊದಲ ವರ್ಷ ಖರ್ಚು ದೊಡ್ಡದು, ಆಮೇಲೆ ಕರಗುತ್ತಾ ಹೋಗುತ್ತದೆ.

ಉದಾಹರಣೆಗೆ ತಿಪಟೂರಿನ ಹತ್ತಿರ ಕೊಬ್ಬರಿ ಪುಡಿ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂದುಕೊಳ್ಳಿ. ಅವರು ₹20 ಲಕ್ಷದ ಡ್ರೈಯರ್ ತಂದು 2024ರ ಏಪ್ರಿಲ್ 1ರಿಂದಲೇ ಓಡಿಸಿದರು. ಸವಕಳಿ ಕಳೆಯುವ ಮೊದಲು ಆ ವರ್ಷದ ಲಾಭ ₹10 ಲಕ್ಷ. ಲೆಕ್ಕ ಸುಲಭವಾಗಲಿ ಅಂತ ಬೇರೆ ಮೆಷಿನ್ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ದರಗಳೆಲ್ಲ 2024-25ರವು.

ನಿಮ್ಮದು ಕಂಪನಿ ಅಲ್ಲ, ಸ್ವಂತ ಹೆಸರಿನ ಅಥವಾ ಪಾಲುದಾರಿಕೆಯ ವ್ಯವಹಾರವೇ? ಹಾಗಿದ್ದರೆ ಎರಡನೇ ಹಂತದಲ್ಲಿ ಬರುವ ಕಂಪನಿ ಕಾಯ್ದೆಯ ವರ್ಷಗಳು ನಿಮಗೆ ಕಡ್ಡಾಯವಲ್ಲ. ನಮ್ಮ ಕಡೆ ಹೆಚ್ಚಿನವರು ಪುಸ್ತಕಕ್ಕೂ ಆದಾಯ ತೆರಿಗೆಯ ದರವನ್ನೇ ಹಾಕಿಬಿಡುತ್ತಾರೆ. ಆಗ ಎರಡು ಲೆಕ್ಕದ ತಲೆನೋವೇ ಇರುವುದಿಲ್ಲ. ಉಳಿದ ಹಂತಗಳಲ್ಲಿ ಮ್ಯಾಟ್ ಮತ್ತು ಡೆಫರ್ಡ್ ಟ್ಯಾಕ್ಸ್ ಬಿಟ್ಟು ಬಹುಪಾಲು ನಿಮಗೂ ಅನ್ವಯಿಸುತ್ತದೆ. ಆದರೆ ಸೆಕ್ಷನ್ 44ಎಡಿಯಲ್ಲಿ ಅಂದಾಜು ಲಾಭ ತೋರಿಸುವವರಾದರೆ ಸವಕಳಿಯನ್ನು ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ. ಅದು ಆ ಶೇಕಡಾದೊಳಗೇ ಸೇರಿದೆ ಅಂತ ಕಾಯ್ದೆ ಲೆಕ್ಕ ಹಾಕುತ್ತದೆ.

ಕೈಯಲ್ಲಿ ಏನಿರಬೇಕು

ಮೆಷಿನ್ ಬಿಲ್ಲು, ಸಾಗಣೆ ಮತ್ತು ಕೂರಿಸಿದ ಖರ್ಚಿನ ಬಿಲ್ಲುಗಳು, ಹಣ ಕೊಟ್ಟ ದಾಖಲೆ, ಸಬ್ಸಿಡಿ ಬಂದಿದ್ದರೆ ಅದರ ಪತ್ರ, ಕಳೆದ ವರ್ಷದ ಆಸ್ತಿ ಪಟ್ಟಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಮೆಷಿನ್ ಓಡಲು ಶುರುವಾದ ದಿನದ ಪುರಾವೆ. ಬಿಲ್ಲಿನ ತಾರೀಖು ಅದಕ್ಕೆ ಸಾಲುವುದಿಲ್ಲ.

ಹಂತ 1: ಬೆಲೆ ಎಷ್ಟು ಅಂತ ಮೊದಲು ತೀರ್ಮಾನಿಸಿ

ಬೆಲೆ ತಪ್ಪಿದರೆ ಮುಂದಿನ ಹದಿನೈದು ವರ್ಷದ ಲೆಕ್ಕವೂ ತಪ್ಪುತ್ತದೆ. ಮೆಷಿನ್ ಬೆಲೆಗೆ ಸಾಗಣೆ ಮತ್ತು ಕೂರಿಸಿದ ಖರ್ಚು ಸೇರಿಸಿ. ನಮ್ಮ ಉದಾಹರಣೆಯಲ್ಲಿ ಇವೆಲ್ಲ ಸೇರಿ ₹20 ಲಕ್ಷ.

ಜಿಎಸ್‌ಟಿ ಸೇರಿಸಬೇಡಿ. ಶೇ 18ರಂತೆ ₹3.60 ಲಕ್ಷ ಜಿಎಸ್‌ಟಿ ಕಟ್ಟಿ ಅದರ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವುದಾದರೆ ಅದು ಮೆಷಿನ್ ಬೆಲೆಯಲ್ಲ. ಆ ಜಿಎಸ್‌ಟಿಯ ಮೇಲೆ ಸವಕಳಿ ಪಡೆದರೆ ಕ್ರೆಡಿಟ್ ಸಿಗುವುದಿಲ್ಲ ಅಂತ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ. ಎರಡರಲ್ಲಿ ಒಂದು ಮಾತ್ರ.

ಸಬ್ಸಿಡಿಯಲ್ಲೂ ಜನ ಎಡವುತ್ತಾರೆ. ಈ ಮೆಷಿನ್‌ಗಾಗಿಯೇ ಸರ್ಕಾರ ₹5 ಲಕ್ಷ ಕೊಟ್ಟಿದ್ದರೆ ತೆರಿಗೆ ಲೆಕ್ಕದಲ್ಲಿ ಬೆಲೆ ₹15 ಲಕ್ಷ ಆಗುತ್ತದೆ, ₹20 ಲಕ್ಷವಲ್ಲ.

ಇನ್ನೊಂದು ನಗದು ಪಾವತಿ. ಊರಿನ ಫ್ಯಾಬ್ರಿಕೇಷನ್ ಶೆಡ್ಡಿನವರಿಗೆ ಸ್ಟ್ಯಾಂಡ್, ಹಾಪರ್ ಮಾಡಿಸಿ ಕೈಯಲ್ಲಿ ದುಡ್ಡು ಕೊಡುವುದು ಮಾಮೂಲು ಅಲ್ವಾ? ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ತೆರಿಗೆ ಲೆಕ್ಕದ ಬೆಲೆಗೆ ಸೇರುವುದಿಲ್ಲ. ಅದರ ಮೇಲೆ ಒಂದು ರೂಪಾಯಿ ಸವಕಳಿಯೂ ಸಿಗುವುದಿಲ್ಲ. ಇಂಥ ಪಾವತಿಯನ್ನು ಬ್ಯಾಂಕ್ ಮೂಲಕವೇ ಮಾಡಿ.

ಹಂತ 2: ಪುಸ್ತಕದ ಸವಕಳಿ

ಕಂಪನಿ ಕಾಯ್ದೆ 2013ರ ಶೆಡ್ಯೂಲ್ 2ರಲ್ಲಿ ಪ್ರತಿ ಬಗೆಯ ಆಸ್ತಿಗೂ ಬಾಳಿಕೆಯ ವರ್ಷಗಳನ್ನು ಕೊಟ್ಟಿದ್ದಾರೆ. ಸಾಮಾನ್ಯ ಯಂತ್ರೋಪಕರಣಕ್ಕೆ 15 ವರ್ಷ, ಪೀಠೋಪಕರಣಕ್ಕೆ 10, ಕಂಪ್ಯೂಟರ್‌ಗೆ 3. ಬಾಳಿಕೆ ಮುಗಿದಾಗ ಬರುವ ಉಳಿಕೆ ಬೆಲೆಯನ್ನು ಸಾಮಾನ್ಯವಾಗಿ ಖರೀದಿ ಬೆಲೆಯ ಶೇ 5ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ವಿಧಾನ ಯಾವುದು ಅನ್ನುವುದನ್ನು ಕಾಯ್ದೆ ನಿಮಗೇ ಬಿಟ್ಟಿದೆ.

ನಮ್ಮ ಡ್ರೈಯರ್‌ಗೆ ಉಳಿಕೆ ಬೆಲೆ ₹1 ಲಕ್ಷ. ಎಸ್‌ಎಲ್‌ಎಂನಲ್ಲಿ ₹19 ಲಕ್ಷವನ್ನು 15ರಿಂದ ಭಾಗಿಸಿ. ವರ್ಷಕ್ಕೆ ₹1,26,667.

ಡಬ್ಲ್ಯೂಡಿವಿಗೆ ದರ ಬೇಕು. 15 ವರ್ಷದ ಕೊನೆಗೆ ₹20 ಲಕ್ಷ ಕರಗಿ ₹1 ಲಕ್ಷಕ್ಕೆ ಬರುವಂಥ ದರ ಅದು. ಎಕ್ಸೆಲ್‌ನಲ್ಲಿ ಹೀಗೆ ಟೈಪ್ ಮಾಡಿ:

```
=1-(100000/2000000)^(1/15)
```

ಉತ್ತರ 0.181, ಅಂದರೆ ಶೇ 18.10. ಮೊದಲ ವರ್ಷ ₹20 ಲಕ್ಷದ ಮೇಲೆ ₹3,62,000. ಎರಡನೇ ವರ್ಷ ಉಳಿದ ₹16,38,000ದ ಮೇಲೆ ₹2,96,478. ಹೀಗೇ ಇಳಿಯುತ್ತಾ ಆರನೇ ವರ್ಷಕ್ಕೆ ಸುಮಾರು ₹1.33 ಲಕ್ಷ, ಏಳನೇ ವರ್ಷಕ್ಕೆ ₹1.09 ಲಕ್ಷ. ಅಂದರೆ ಮೊದಲ ಆರು ವರ್ಷ ಡಬ್ಲ್ಯೂಡಿವಿಯ ಖರ್ಚು ಜಾಸ್ತಿ, ಏಳನೇ ವರ್ಷದಿಂದ ಎಸ್‌ಎಲ್‌ಎಂನದು ಜಾಸ್ತಿ. ಹದಿನೈದು ವರ್ಷ ಕೂಡಿಸಿದರೆ ಎರಡೂ ₹19 ಲಕ್ಷವೇ.

ಯಾವುದನ್ನು ಆರಿಸಬೇಕು? ಮೆಷಿನ್‌ನಿಂದ ನಿಮಗೆ ಸಿಗುವ ಪ್ರಯೋಜನ ವರ್ಷ ವರ್ಷ ಹೇಗೆ ಹಂಚಿಹೋಗುತ್ತದೋ ಅದಕ್ಕೆ ಹೊಂದುವ ವಿಧಾನವಿರಲಿ ಅಂತ ಲೆಕ್ಕಪತ್ರ ಮಾನದಂಡ ಎಎಸ್ 10 ಹೇಳುತ್ತದೆ. ಡ್ರೈಯರ್ ಎಂಟನೇ ವರ್ಷವೂ ಹೆಚ್ಚುಕಡಿಮೆ ಅಷ್ಟೇ ಕೊಬ್ಬರಿ ಒಣಗಿಸುತ್ತದೆ. ಇಂಥದ್ದಕ್ಕೆ ನಾನು ಎಸ್‌ಎಲ್‌ಎಂ ಸರಿ ಅನ್ನುತ್ತೇನೆ. ಸರಕು ಗಾಡಿ ಹಾಗಲ್ಲ, ಮೊದಲೆರಡು ವರ್ಷದಲ್ಲೇ ಹೆಚ್ಚು ದುಡಿದು ಆಮೇಲೆ ಗ್ಯಾರೇಜಿನಲ್ಲೇ ಜಾಸ್ತಿ ಇರುತ್ತದೆ. ಅದಕ್ಕೆ ಡಬ್ಲ್ಯೂಡಿವಿ ಒಪ್ಪುತ್ತದೆ. ಬೇರೆ ಬೇರೆ ಬಗೆಯ ಆಸ್ತಿಗೆ ಬೇರೆ ಬೇರೆ ವಿಧಾನ ಇಡಬಹುದು. ಒಂದೇ ಬಗೆಯೊಳಗೆ ಮಾತ್ರ ಬೆರಕೆ ಮಾಡಬೇಡಿ.

ಎಚ್ಚರಿಕೆ: ಶೇ 18.10 ದರವನ್ನು ಮೂಲ ಬೆಲೆಯ ಮೇಲೆ ಪ್ರತಿ ವರ್ಷ ಹಾಕುವ ತಪ್ಪು ಸಣ್ಣ ಆಫೀಸುಗಳಲ್ಲಿ ಆಗಾಗ ಕಾಣುತ್ತದೆ. ಎರಡನೇ ವರ್ಷವೂ ₹3,62,000 ಬಂದಿದ್ದರೆ ಅದೇ ಗುರುತು. ಹಾಗೆ ಬಿಟ್ಟರೆ ಆರನೇ ವರ್ಷದಲ್ಲೇ ಮೆಷಿನ್ ಬೆಲೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಹಂತ 3: ತೆರಿಗೆಗೆ ಬೇರೆ ಲೆಕ್ಕ

ಇಲ್ಲಿ ನಿಮಗೆ ಆಯ್ಕೆ ಇಲ್ಲ. ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 32ರ ಪ್ರಕಾರ ಡಬ್ಲ್ಯೂಡಿವಿಯೇ. ಎಸ್‌ಎಲ್‌ಎಂ ಆರಿಸಿಕೊಳ್ಳುವ ಅವಕಾಶ ಇರುವುದು ವಿದ್ಯುತ್ ಉತ್ಪಾದಿಸುವ ಉದ್ಯಮಗಳಂಥವಕ್ಕೆ ಮಾತ್ರ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾದರೂ ಈ ಮೂಲ ಲೆಕ್ಕ ಹಾಗೇ ಇದೆ.

ತೆರಿಗೆಯಲ್ಲಿ ಒಂದೊಂದು ಮೆಷಿನ್‌ಗೆ ಬೇರೆ ಲೆಕ್ಕ ಇಲ್ಲ. ಒಂದೇ ದರದ ಒಂದೇ ಬಗೆಯ ಆಸ್ತಿಗಳನ್ನೆಲ್ಲ ಒಟ್ಟು ಗುಂಪಾಗಿ ನೋಡುತ್ತಾರೆ. ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಸಾಮಾನ್ಯ ಯಂತ್ರೋಪಕರಣದ ಬ್ಲಾಕ್‌ಗೆ ಶೇ 15, ಪೀಠೋಪಕರಣಕ್ಕೆ ಶೇ 10, ಕಂಪ್ಯೂಟರ್‌ಗೆ ಶೇ 40. ಉಳಿಕೆ ಬೆಲೆ ತೆಗೆದಿಡುವ ಮಾತೇ ಇಲ್ಲ.

ಡ್ರೈಯರ್‌ಗೆ ಮೊದಲ ವರ್ಷ ₹3,00,000. ಎರಡನೇ ವರ್ಷ ₹2,55,000, ಮೂರನೇ ವರ್ಷ ₹2,16,750.

"ಈ ವರ್ಷ ನಷ್ಟವಾಗಿದೆ, ಸವಕಳಿ ಹಾಕುವುದು ಬೇಡ, ಮುಂದಿನ ವರ್ಷ ಹಾಕೋಣ" ಅನ್ನುವವರು ಇದ್ದಾರೆ. ಹಾಗೆ ಮುಂದೂಡಲು ಆಗುವುದಿಲ್ಲ. ನೀವು ಕೇಳಿದರೂ ಬಿಟ್ಟರೂ ಆ ವರ್ಷದ ಸವಕಳಿ ಬ್ಲಾಕ್‌ನಿಂದ ಕಳೆದಂತೆಯೇ ಲೆಕ್ಕ. ಹೆದರಬೇಕಾಗಿಯೂ ಇಲ್ಲ. ಲಾಭ ಸಾಲದೆ ಉಳಿದ ಸವಕಳಿಯನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು, ಅದಕ್ಕೆ ಇಂತಿಷ್ಟೇ ವರ್ಷ ಅನ್ನುವ ಗಡುವು ಇಲ್ಲ.

ಹಂತ 4: ಎರಡನ್ನೂ ಪಕ್ಕಪಕ್ಕ ಇಡಿ

ಪುಸ್ತಕದ ಲಾಭದಿಂದ ತೆರಿಗೆಯ ಆದಾಯಕ್ಕೆ ಬರುವುದು ಹೀಗೆ. ಲಾಭಕ್ಕೆ ಪುಸ್ತಕದ ಸವಕಳಿಯನ್ನು ವಾಪಸ್ ಕೂಡಿಸಿ. ಆಮೇಲೆ ತೆರಿಗೆಯ ಸವಕಳಿಯನ್ನು ಕಳೆಯಿರಿ.

ಎಸ್‌ಎಲ್‌ಎಂ ಹಾಕಿದ್ದರೆ ಪುಸ್ತಕದ ಲಾಭ ₹8,73,333. ಅದಕ್ಕೆ ₹1,26,667 ಕೂಡಿಸಿ, ₹3,00,000 ಕಳೆದರೆ ₹7,00,000.

ಡಬ್ಲ್ಯೂಡಿವಿ ಹಾಕಿದ್ದರೆ ಲಾಭ ₹6,38,000. ಅದಕ್ಕೆ ₹3,62,000 ಕೂಡಿಸಿ, ₹3,00,000 ಕಳೆದರೆ ಅದೂ ₹7,00,000.

ಶೇ 22ರ ದರ ಆರಿಸಿಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ದರ ಶೇ 25.168. ತೆರಿಗೆ ₹1,76,176, ಎರಡೂ ಕಡೆ ಅಷ್ಟೇ. ತೋರಿಸಿದ ಲಾಭದಲ್ಲಿ ಮಾತ್ರ ₹2.35 ಲಕ್ಷದ ವ್ಯತ್ಯಾಸ.

ರಿಟರ್ನ್‌ನಲ್ಲಿ ಕೂಡಿಸಿ ಕಳೆಯುವ ಈ ಸಾಲುಗಳು Schedule BP ಒಳಗೆ ಬರುತ್ತವೆ, ಯಂತ್ರಗಳ ಬ್ಲಾಕ್ ಲೆಕ್ಕ Schedule DPM ಒಳಗೆ. ವಾಪಸ್ ಕೂಡಿಸುವ ಸಾಲನ್ನು ಮರೆತರೆ ಸವಕಳಿ ಎರಡು ಸಲ ಕಳೆದುಹೋಗುತ್ತದೆ. ಸಲ್ಲಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ: ಲಾಭ ನಷ್ಟದ ಪಟ್ಟಿಯಲ್ಲಿರುವ ಸವಕಳಿಯೂ Schedule BPಯಲ್ಲಿ ಕೂಡಿಸಿದ ಸವಕಳಿಯೂ ಪೈಸೆ ಬಿಡದೆ ಒಂದೇ ಇರಬೇಕು.

ಈಗ ಡೆಫರ್ಡ್ ಟ್ಯಾಕ್ಸ್. ಬ್ಯಾಲೆನ್ಸ್ ಶೀಟ್‌ನಲ್ಲಿ ಈ ಸಾಲು ಕಂಡು "ಇದು ಯಾವ ತೆರಿಗೆ, ನಾವು ಕಟ್ಟಿಯೇ ಇಲ್ಲವಲ್ಲ" ಅಂತ ಮಾಲೀಕರು ಗಾಬರಿಯಾಗುತ್ತಾರೆ. ಎಸ್‌ಎಲ್‌ಎಂ ಲೆಕ್ಕದಲ್ಲಿ ಪುಸ್ತಕದ ಲಾಭ ತೆರಿಗೆಯ ಆದಾಯಕ್ಕಿಂತ ₹1,73,333 ಹೆಚ್ಚಿದೆ. ಅದರ ಮೇಲಿನ ತೆರಿಗೆ ₹43,624 ಈ ವರ್ಷ ತಪ್ಪಿದೆ ಅಷ್ಟೇ, ಮುಂದಿನ ವರ್ಷಗಳಲ್ಲಿ ಬರುತ್ತದೆ. ಅದನ್ನು ಈಗಲೇ ಖರ್ಚಿಗೆ ಹಾಕಿ ಬಾಕಿ ಅಂತ ತೋರಿಸುವುದೇ ಡೆಫರ್ಡ್ ಟ್ಯಾಕ್ಸ್ ಲಯಬಿಲಿಟಿ. ಡಬ್ಲ್ಯೂಡಿವಿಯಲ್ಲಿ ಇದು ಉಲ್ಟಾ: ತೆರಿಗೆಯ ಆದಾಯ ₹62,000 ಹೆಚ್ಚಿರುವುದರಿಂದ ₹15,604 ಆಸ್ತಿಯ ಕಡೆ ಬರುತ್ತದೆ.

ಇವನ್ನೆಲ್ಲ ಸೇರಿಸಿದರೆ ತೆರಿಗೆ ನಂತರದ ಲಾಭ ಎಸ್‌ಎಲ್‌ಎಂನಲ್ಲಿ ₹6,53,533, ಡಬ್ಲ್ಯೂಡಿವಿಯಲ್ಲಿ ₹4,77,428. ಹಾಗಾದರೆ ದುಡ್ಡು ಯಾವುದರಲ್ಲಿ ಹೆಚ್ಚು ಉಳಿಯಿತು? ಎರಡರಲ್ಲೂ ಒಂದೇ. ಕೈಯಿಂದ ದುಡ್ಡು ಹೋಗದ ಸವಕಳಿ ಮತ್ತು ಡೆಫರ್ಡ್ ಟ್ಯಾಕ್ಸನ್ನು ವಾಪಸ್ ಸರಿಹೊಂದಿಸಿ ನೋಡಿ, ಎರಡು ಕಡೆಯೂ ₹8,23,824 ಬರುತ್ತದೆ. ₹10 ಲಕ್ಷದಿಂದ ಕಟ್ಟಿದ ತೆರಿಗೆ ಕಳೆದರೆ ಉಳಿಯುವುದೂ ಅದೇ.

ಸಾಲ ತೀರಿಸುವ ಶಕ್ತಿ ನೋಡುವಾಗ ಬ್ಯಾಂಕಿನವರು ಲಾಭಕ್ಕೆ ಸವಕಳಿ ಕೂಡಿಸಿಯೇ ಅಳೆಯುತ್ತಾರೆ. ಹಾಗಾಗಿ ಅಲ್ಲಿ ಎಸ್‌ಎಲ್‌ಎಂನಿಂದ ಹೇಳಿಕೊಳ್ಳುವಂಥ ಲಾಭ ಸಿಗದು. ನಿವ್ವಳ ಬಂಡವಾಳ ಮತ್ತು ಲಾಭದ ಶೇಕಡಾ ಮಾತ್ರ ಚೆನ್ನಾಗಿ ಕಾಣುತ್ತದೆ.

ಹಂತ 5: ಅಪವಾದ, ಮ್ಯಾಟ್

ಇಲ್ಲಿ ಮಾತ್ರ ಪುಸ್ತಕದ ವಿಧಾನ ತೆರಿಗೆಯನ್ನು ಮುಟ್ಟುತ್ತದೆ. ಶೇ 22ರ ದರ ಆರಿಸಿಕೊಳ್ಳದ ಕಂಪನಿಗೆ ಮಿನಿಮಮ್ ಆಲ್ಟರ್ನೇಟ್ ಟ್ಯಾಕ್ಸ್, ಅಂದರೆ ಮ್ಯಾಟ್ ಇದೆ. ಮಾಮೂಲಿ ತೆರಿಗೆ ತೀರಾ ಕಡಿಮೆ ಬಂದರೆ ಪುಸ್ತಕದ ಲಾಭದ ಮೇಲೆ ಕನಿಷ್ಠ ತೆರಿಗೆ ಕಟ್ಟಬೇಕು. 2024-25ಕ್ಕೆ ಅದು ಶೇ 15, ಸೆಸ್ ಸೇರಿ ಶೇ 15.6.

ನಮ್ಮ ಕಂಪನಿ ಹಳೆಯ ದರದಲ್ಲೇ ಉಳಿದಿದೆ ಅಂದುಕೊಳ್ಳಿ. ಆಗ ಹೊಸ ಮೆಷಿನ್ ಮೇಲೆ ಶೇ 20ರಷ್ಟು ಹೆಚ್ಚುವರಿ ಸವಕಳಿಯೂ ಸಿಗುತ್ತದೆ. ಇದು ತಯಾರಿಕೆ ಮಾಡುವವರಿಗೆ ಒಂದೇ ಸಲ ಸಿಗುವ ರಿಯಾಯಿತಿ, ಶೇ 22ರವರಿಗೆ ಇಲ್ಲ. ಒಟ್ಟು ಶೇ 35, ಅಂದರೆ ₹7 ಲಕ್ಷ. ತೆರಿಗೆಯ ಆದಾಯ ₹3 ಲಕ್ಷಕ್ಕೆ ಇಳಿಯಿತು. ಶೇ 25ರ ದರಕ್ಕೆ ಸೆಸ್ ಸೇರಿಸಿ ₹78,000 ತೆರಿಗೆ.

ಆದರೆ ಮ್ಯಾಟ್ ಲೆಕ್ಕ ಎಸ್‌ಎಲ್‌ಎಂ ಲಾಭದ ಮೇಲೆ ₹1,36,240, ಡಬ್ಲ್ಯೂಡಿವಿ ಲಾಭದ ಮೇಲೆ ₹99,528. ಎರಡೂ ₹78,000ಕ್ಕಿಂತ ಹೆಚ್ಚಿರುವುದರಿಂದ ಮ್ಯಾಟನ್ನೇ ಕಟ್ಟಬೇಕು. ಇಲ್ಲಿ ಎಸ್‌ಎಲ್‌ಎಂ ಹಾಕಿದವರು ಆ ವರ್ಷ ₹36,712 ಜಾಸ್ತಿ ಕಟ್ಟುತ್ತಾರೆ. ಹೀಗೆ ಹೆಚ್ಚು ಕಟ್ಟಿದ್ದನ್ನು ಮುಂದೆ ವಜಾ ಮಾಡಿಕೊಳ್ಳಲು ಎಷ್ಟು ಅವಕಾಶ ಅನ್ನುವುದನ್ನೂ ಮ್ಯಾಟ್ ದರವನ್ನೂ ಆಯಾ ವರ್ಷದ ನಿಯಮ ನೋಡಿಯೇ ತೀರ್ಮಾನಿಸಿ, ಹಳೆಯ ಎಕ್ಸೆಲ್ ಹಾಳೆ ನಂಬಬೇಡಿ.

ದೊಡ್ಡ ಮೆಷಿನ್ ತಂದ ವರ್ಷ ಈ ಪರೀಕ್ಷೆಯನ್ನು ಪುಸ್ತಕ ಮುಚ್ಚುವ ಮೊದಲೇ ಮಾಡಿ.

ಹಂತ 6: 180 ದಿನದ ಲೆಕ್ಕ

ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಮೆಷಿನ್‌ಗೆ ತೆರಿಗೆ ಸವಕಳಿ ಆ ವರ್ಷ ಅರ್ಧ ಮಾತ್ರ. ಫೆಬ್ರುವರಿಗೆ 28 ದಿನವಿದ್ದರೆ ಅಕ್ಟೋಬರ್ 3ಕ್ಕೆ ಮೆಷಿನ್ ಓಡಿದರೆ ಸರಿಯಾಗಿ 180 ದಿನ, ಪೂರ್ತಿ ದರ. ಅಕ್ಟೋಬರ್ 4 ಆದರೆ ಅರ್ಧ. ನಮ್ಮ ಡ್ರೈಯರ್‌ಗೆ ₹3 ಲಕ್ಷದ ಬದಲು ₹1.5 ಲಕ್ಷ. ಶೇ 25.168 ದರದಲ್ಲಿ ಆ ವರ್ಷದ ತೆರಿಗೆ ₹37,752 ಹೆಚ್ಚುತ್ತದೆ. ಬಿಟ್ಟುಹೋದ ಅರ್ಧ ಮುಳುಗುವುದಿಲ್ಲ, ಬ್ಲಾಕ್‌ನಲ್ಲೇ ಉಳಿದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಸಿಗುತ್ತದೆ.

ಪುಸ್ತಕದಲ್ಲಿ ಈ ಅರ್ಧದ ನಿಯಮ ಇಲ್ಲ. ಅಲ್ಲಿ ದಿನದ ಲೆಕ್ಕ. ಡಿಸೆಂಬರ್ 1ರಿಂದ ಬಳಕೆಗೆ ಸಿದ್ಧವಾಗಿದ್ದರೆ 121 ದಿನ, ಎಸ್‌ಎಲ್‌ಎಂನಲ್ಲಿ ಸುಮಾರು ₹41,991. ಪುಸ್ತಕಕ್ಕೆ ಮೆಷಿನ್ ಸಿದ್ಧವಾಗಿದ್ದರೆ ಸಾಕು, ತೆರಿಗೆಗೆ ಅದನ್ನು ಬಳಕೆಗೆ ತಂದಿರಬೇಕು. ಸೆಪ್ಟೆಂಬರ್ ಕೊನೆಗೆ ಬಿಲ್ಲು ಮಾಡಿಸಿ, ಬೆಸ್ಕಾಂನಿಂದ ಹೆಚ್ಚುವರಿ ಲೋಡ್ ಸಿಗದೆ ಮೆಷಿನ್ ನವೆಂಬರ್‌ವರೆಗೂ ಸುಮ್ನೆ ನಿಂತಿದ್ದರೆ ಪೂರ್ತಿ ದರ ಕೇಳುವಂತಿಲ್ಲ. ಮೊದಲ ದಿನದ ಉತ್ಪಾದನೆ ಪುಸ್ತಕ, ಕೂರಿಸಿದವರ ವರದಿ, ಕರೆಂಟ್ ಬಿಲ್ಲು ಫೈಲಿನಲ್ಲಿರಲಿ.

ಹಂತ 7: ನಡುವೆ ವಿಧಾನ ಬದಲಾಯಿಸುವುದಾದರೆ

ಮೂರು ವರ್ಷ ಡಬ್ಲ್ಯೂಡಿವಿ ಹಾಕಿ ಈಗ ಎಸ್‌ಎಲ್‌ಎಂಗೆ ಬರಬೇಕು ಅಂದುಕೊಳ್ಳಿ. ಈಗಿನ ಎಎಸ್ 10ರಲ್ಲಿ ಇದು ಅಂದಾಜಿನ ಬದಲಾವಣೆ. ಹಿಂದಿನ ವರ್ಷಗಳನ್ನು ಮತ್ತೆ ಲೆಕ್ಕ ಹಾಕುವ ಹಾಗಿಲ್ಲ. ಹಳೆಯ ಎಎಸ್ 6 ಇದ್ದಾಗ ಹಿಂದಿನದನ್ನೂ ಲೆಕ್ಕ ಹಾಕಿ ವ್ಯತ್ಯಾಸವನ್ನು ಒಂದೇ ವರ್ಷಕ್ಕೆ ತರುತ್ತಿದ್ದರು. ಕೆಲವರು ಈಗಲೂ ಹಾಗೇ ಮಾಡಿ ಲಾಭ ಉಬ್ಬಿಸಿಬಿಡುತ್ತಾರೆ. ಅದು ತಪ್ಪು.

ಮೂರು ವರ್ಷದ ನಂತರ ಪುಸ್ತಕದಲ್ಲಿ ಉಳಿದದ್ದು ₹10,98,707. ಉಳಿಕೆ ₹1 ಲಕ್ಷ ಕಳೆದು, ಉಳಿದ 12 ವರ್ಷಕ್ಕೆ ಹಂಚಿ. ವರ್ಷಕ್ಕೆ ₹83,226. ಹಳೆಯ ವಿಧಾನದಲ್ಲಿ ನಾಲ್ಕನೇ ವರ್ಷ ₹1,98,866 ಬರುತ್ತಿತ್ತು. ಅಂದರೆ ಲಾಭ ಸುಮಾರು ₹1.16 ಲಕ್ಷ ಏರಿತು. ಬದಲಾವಣೆಯನ್ನೂ ಅದರ ಪರಿಣಾಮವನ್ನೂ ಟಿಪ್ಪಣಿಯಲ್ಲಿ ಬರೆಯಲೇಬೇಕು. ಸಾಲ ನೋಡುವ ಅಧಿಕಾರಿ ಆ ಟಿಪ್ಪಣಿಯನ್ನು ಓದುತ್ತಾರೆ. ಸಾಲದ ಅರ್ಜಿಗೆ ಒಂದು ತಿಂಗಳು ಮುಂಚೆ ವಿಧಾನ ಬದಲಾಗಿದ್ದರೆ ಯಾಕೆ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಬದಲಾಯಿಸಲು ಮೆಷಿನ್ ಬಳಕೆಗೆ ಸಂಬಂಧಪಟ್ಟ ಕಾರಣ ಇಲ್ಲದಿದ್ದರೆ ನಾನಂತೂ ಬೇಡ ಅನ್ನುತ್ತೇನೆ.

ಹಂತ 8: ಮೆಷಿನ್ ಮಾರಿದಾಗ

ಮೂರು ವರ್ಷ ಮುಗಿದ ಮೇಲೆ ಡ್ರೈಯರ್ ₹11 ಲಕ್ಷಕ್ಕೆ ಹೋಯಿತು. ಎಸ್‌ಎಲ್‌ಎಂ ಪುಸ್ತಕದಲ್ಲಿ ಆಗ ಅದರ ಬೆಲೆ ₹16,20,000. ಒಂದೇ ಏಟಿಗೆ ₹5,20,000 ನಷ್ಟ. ಡಬ್ಲ್ಯೂಡಿವಿ ಪುಸ್ತಕದಲ್ಲಿ ₹10,98,707 ಇತ್ತು, ಹಾಗಾಗಿ ₹1,293 ಲಾಭ. ಮೂರು ವರ್ಷದ ಸವಕಳಿಯನ್ನೂ ಸೇರಿಸಿ ನೋಡಿದರೆ ಎರಡರಲ್ಲೂ ಒಟ್ಟು ಖರ್ಚು ₹9 ಲಕ್ಷವೇ. ಎಸ್‌ಎಲ್‌ಎಂನವರು ಮೊದಲು ತೋರಿಸಿದ ಹೆಚ್ಚಿನ ಲಾಭ ಈಗ ವಾಪಸ್ ಹೋಯಿತು ಅಷ್ಟೇ. ಬೇಗ ಮಾರುವ ಯೋಚನೆ ಇರುವ ಮೆಷಿನ್‌ಗೆ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪುಸ್ತಕದ ಈ ಲಾಭ ನಷ್ಟಕ್ಕೆ ತೆರಿಗೆಯಲ್ಲಿ ಬೆಲೆ ಇಲ್ಲ. ನಷ್ಟವಾಗಿದ್ದರೆ ವಾಪಸ್ ಕೂಡಿಸಿ, ಲಾಭವಾಗಿದ್ದರೆ ಕಳೆದುಬಿಡಿ. ಆಮೇಲೆ ಬ್ಲಾಕ್‌ನಲ್ಲಿ ಉಳಿದ ₹12,28,250ದಿಂದ ಮಾರಿದ ₹11 ಲಕ್ಷ ಕಳೆಯಿರಿ. ₹1,28,250 ಉಳಿಯುತ್ತದೆ. ಬ್ಲಾಕ್‌ನಲ್ಲಿ ಬೇರೆ ಮೆಷಿನ್ ಇದ್ದರೆ ಈ ಮೊತ್ತವೂ ಅದರ ಜೊತೆ ಸೇರಿ ಶೇ 15ರಂತೆ ಸವಕಳಿ ಪಡೆಯುತ್ತಾ ಹೋಗುತ್ತದೆ. ನಮ್ಮ ಉದಾಹರಣೆಯಂತೆ ಇದೊಂದೇ ಮೆಷಿನ್ ಇದ್ದು ಬ್ಲಾಕ್ ಖಾಲಿಯಾದರೆ ಅದು ಅಲ್ಪಾವಧಿಯ ಬಂಡವಾಳ ನಷ್ಟ. ವ್ಯವಹಾರದ ಲಾಭದಿಂದ ಅದನ್ನು ಕಳೆಯಲು ಬರುವುದಿಲ್ಲ, ಬಂಡವಾಳ ಲಾಭ ಬಂದಾಗ ಮಾತ್ರ ಕಳೆಯಬಹುದು. ಅದೇ ವರ್ಷ, ಮಾರ್ಚ್ 31ರೊಳಗೆ ಇನ್ನೊಂದು ಮೆಷಿನ್ ಅದೇ ಬ್ಲಾಕ್‌ಗೆ ಬಂದರೆ ಬ್ಲಾಕ್ ಖಾಲಿಯಾಗುವುದಿಲ್ಲ. ಹಳೆಯದನ್ನು ಮಾರಿ ಹೊಸದು ತರುವ ಯೋಚನೆ ಹೇಗೂ ಇದ್ದರೆ ಎರಡನ್ನೂ ಒಂದೇ ವರ್ಷದಲ್ಲಿ ಮುಗಿಸಿ.